ಗೌಡತಿಯ ಮಾತಿಗೆ ಉತ್ತರ

ಕೇಡು ಮಾಡಿದವರ ಕಾರಣ ನಮಗೆ ಅರ್ಥವಾದ ಮೇಲೆ ನಮ್ಮ ಕೆಲಸ ಹಗುರಾಗುತ್ತದೆಯೋ, ಭಾರವಾಗುತ್ತದೆಯೋ? ನೀತಿಶಾಸ್ತ್ರದ ತರಗತಿಯಲ್ಲಾದರೆ ಇದನ್ನು ಎರಡೂ ಕಡೆಯಿಂದ ವಾದಿಸಿ ಚಹಾಕ್ಕೆ ಎದ್ದು ಹೋಗಬಹುದು. ನನಗೆ ಈ ಪ್ರಶ್ನೆ ಎದುರಾದದ್ದು ಹಾಗೆ ಎದ್ದು ಹೋಗಲಾಗದ ಜಾಗದಲ್ಲಿ, ಒಂದು ಆಟದಲ್ಲಿ. ನಾಲ್ವರು ಗೆಳೆಯರು ಹದಿನಾಲ್ಕು ತಿಂಗಳು ಆಡಿದ ಕಥೆಯೊಂದು ಮುಗಿಯುವುದರಲ್ಲಿತ್ತು. ಕೊನೆಯ ರಾತ್ರಿಗೆ ಖಳನಾಯಕಿಯ ಮಾತನ್ನು ನಾನು ಬರೆಯಬೇಕಿತ್ತು. ಅವಳ ಕಾರಣ ಆಡುವವರಿಗೆ ಅರ್ಥವಾಗಬೇಕು, ಆದರೂ ಅವಳನ್ನು ತಡೆಯುವುದೋ ಬೇಡವೋ ಎಂಬುದು ಅವರ ಕೈಯಲ್ಲೇ ಉಳಿಯಬೇಕು. ಆ ಮಾತನ್ನು ಕಟ್ಟುವಾಗ ಕಂಡದ್ದು ನನ್ನ ಪ್ರಬಂಧದ ಎರಡು ಅಧ್ಯಾಯಗಳಿಗಿಂತ ಹೆಚ್ಚು ಎಂದರೆ ನನ್ನ ಮಾರ್ಗದರ್ಶಕರು ಬೇಸರಪಟ್ಟುಕೊಳ್ಳಲಾರರು ಎಂದುಕೊಂಡಿದ್ದೇನೆ.

ಆಟದ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಎಂಬ ಈ ಬಗೆಯ ಆಟ ಅಮೆರಿಕದಲ್ಲಿ ಹುಟ್ಟಿದ್ದು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಅದಕ್ಕೆ ಮೊದಲ ಪ್ರಸಿದ್ಧ ರೂಪ ಕೊಟ್ಟಿತು. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಡಂಜನ್ ಮಾಸ್ಟರ್. ಲೋಕವನ್ನು ವರ್ಣಿಸುವುದು, ದಾರಿಯಲ್ಲಿ ಸಿಗುವ ಎಲ್ಲರ ಬಾಯಿಯಾಗುವುದು ಅವರ ಕೆಲಸ. ಉಳಿದವರು ತಲಾ ಒಂದೊಂದು ಪಾತ್ರ. ಪಾತ್ರ ಏನು ಮಾಡುತ್ತದೆ ಎಂದು ಆಡುವವರು ಹೇಳುತ್ತಾರೆ. ಆಗುತ್ತದೋ ಇಲ್ಲವೋ ಎಂಬ ಅನುಮಾನವಿದ್ದಲ್ಲಿ ಇಪ್ಪತ್ತು ಮುಖದ ದಾಳ ಉರುಳುತ್ತದೆ. ಹೀಗೆ ತಿಂಗಳುಗಟ್ಟಲೆ ನಡೆಯುವ ಒಂದೇ ಕಥೆಗೆ ಕ್ಯಾಂಪೇನ್ ಎನ್ನುತ್ತಾರೆ. ನಮ್ಮದು ಹದಿನೈದು ದಿನಕ್ಕೊಮ್ಮೆ, ಹಾಸ್ಟೆಲಿನ ಒಂದು ಕೋಣೆಯಲ್ಲಿ, ಒಟ್ಟು 27 ಕೂಟ.

ನಾಟಕದಲ್ಲಿ ಖಳ ಮಾತಾಡುವಾಗ ಎದುರಿನ ಪಾತ್ರ ಕಾಯುತ್ತದೆ, ಏಕೆಂದರೆ ಹಾಗೆ ಬರೆಯಲಾಗಿದೆ. ಇಲ್ಲಿ ಯಾರೂ ಕಾಯಬೇಕಿಲ್ಲ. ಮೂರನೆಯ ವಾಕ್ಯಕ್ಕೆ ಒಬ್ಬ ಬಾಣ ಬಿಡುತ್ತಾನೆ, ಇನ್ನೊಬ್ಬಳು ಪ್ರಶ್ನೆ ಹಾಕುತ್ತಾಳೆ, ಮತ್ತೊಬ್ಬ ಬಾಗಿಲ ಕಡೆ ಜಾರುತ್ತಾನೆ. ನಮ್ಮಲ್ಲಿ ಇದಕ್ಕೆ ಹತ್ತಿರವಾದದ್ದು ರಂಗಭೂಮಿಯಲ್ಲ, ತಾಳಮದ್ದಳೆ. ಅಲ್ಲಿ ವಾಲಿಯ ಅರ್ಥ ಹೇಳುವವರು ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ನೇರವಾಗಿ ಪ್ರಶ್ನಿಸುತ್ತಾರೆ. ರಾಮನ ಅರ್ಥಧಾರಿ ಆ ಕ್ಷಣದಲ್ಲೇ ಉತ್ತರ ಕಟ್ಟಬೇಕು. ವಾಲಿಯ ಪರವಾಗಿ ಹೇಳಬಹುದಾದ ಎಲ್ಲವನ್ನೂ ಹೇಳದೆ ಬಿಟ್ಟ ಅರ್ಥಧಾರಿಯನ್ನು ಸಭೆ ಮೆಚ್ಚುವುದಿಲ್ಲ. ಒಂದೇ ವ್ಯತ್ಯಾಸವೆಂದರೆ ತಾಳಮದ್ದಳೆಯಲ್ಲಿ ವಾದ ಯಾರೇ ಗೆಲ್ಲಲಿ, ವಾಲಿ ಸಾಯುತ್ತಾನೆ. ನಮ್ಮ ಮೇಜಿನಲ್ಲಿ ಪ್ರಸಂಗದ ಕೊನೆಯೂ ತೆರೆದೇ ಇರುತ್ತದೆ. ಉತ್ತರ ಕೊಡಲಾಗದಿದ್ದರೆ ಖಳನ ಕಡೆ ಸೇರಿಬಿಡಲೂಬಹುದು.

ನಮ್ಮ ಕಥೆ ಹೀಗಿತ್ತು. ಒಂದು ಕಣಿವೆ, ಮೇಲೆ ದೊಡ್ಡ ಕೆರೆ, ಏರಿಯ ಕೆಳಗೆ ಗದ್ದೆಗಳು, ಏಳು ಊರು. ಕೆರೆಯ ಯಜಮಾನಿಕೆ ಗೌಡತಿ ನಿಂಗಾಜಮ್ಮನ ಮನೆತನದ್ದು. ‘ಕೆರೆಗೆ ಹಾರ’ದ ಕಥೆ ಕೇಳಿ ಬೆಳೆದ ಐವರು ಸೇರಿ ಕೆರೆಯ ಕಥೆ ಕಟ್ಟಿದರೆ ಅದು ಎಲ್ಲಿಗೆ ಹೋಗುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಏರಿಯ ಬುಡದಲ್ಲಿ ಏನೋ ಮಲಗಿದೆ. ಮುಂಗಾರಿಗೆ ಮೊದಲು ಅದಕ್ಕೆ ಒಂದು ಜೀವ ಸಿಗದಿದ್ದರೆ ಏರಿ ಒಡೆಯುತ್ತದೆ. ಒಮ್ಮೆ ಒಡೆದು 412 ಜನ ಹೋಗಿದ್ದರು. ಅದಾದ ಮೇಲೆ 31 ವರ್ಷ ಒಡೆದಿಲ್ಲ. ಪ್ರತಿ ವರ್ಷ ಒಬ್ಬರು ಕಾಣೆಯಾಗಿದ್ದಾರೆ. ಅದನ್ನು ಮಾಡಿಸುತ್ತಿದ್ದವಳು ಗೌಡತಿ. ಊರವರಿಗೆ ಗೊತ್ತಿಲ್ಲ, ಅಥವಾ ಗೊತ್ತಿದ್ದೂ ಕೇಳಿಲ್ಲ.

ಇಲ್ಲಿ ಮೊದಲು ತೀರ್ಮಾನವಾಗಬೇಕಾದದ್ದು ಮಾತಲ್ಲ, ಲೋಕದ ಸ್ಥಿತಿ. ಗೌಡತಿಯ ಭಯ ನಿಜವೋ ಭ್ರಮೆಯೋ? ಏರಿಯ ಬುಡದಲ್ಲಿ ಏನೂ ಇಲ್ಲ, ಎಲ್ಲ ಮೂಢನಂಬಿಕೆ ಎಂದಾದರೆ ಆಡುವವರಿಗೆ ಅವಳ ಮೇಲೆ ಮರುಕ ಹುಟ್ಟಬಹುದು, ಆದರೆ ಉತ್ತರಿಸುವ ಹೊಣೆ ಹುಟ್ಟುವುದಿಲ್ಲ. ತಪ್ಪು ಮಾಹಿತಿ ಇದ್ದವಳಿಗೆ ಸರಿ ಮಾಹಿತಿ ಕೊಟ್ಟರೆ ಮುಗಿಯಿತು. ಆದ್ದರಿಂದ ನನ್ನ ಲೋಕದಲ್ಲಿ ಅವಳು ಹೇಳುವ ಪ್ರತಿ ಸಂಗತಿಯೂ ನಿಜ. ಲೆಕ್ಕವೂ ಸರಿ. ತಪ್ಪು ಇರುವುದಾದರೆ ಸಂಗತಿಗಳಾಚೆ ಎಲ್ಲೋ ಇರಬೇಕು, ಅದನ್ನು ಆಡುವವರೇ ಹುಡುಕಬೇಕು. ‘ಅರ್ಥವಾಗುವ’ ಖಳರನ್ನು ಬರೆಯುವ ಬಹಳ ಮಂದಿ ಇಲ್ಲೇ ಹಿಂಜರಿಯುತ್ತಾರೆ. ಕೊನೆಯ ಗಳಿಗೆಯಲ್ಲಿ ಖಳನ ಲೆಕ್ಕದಲ್ಲಿ ಒಂದು ಅಂಕಿ ತಪ್ಪಿಸಿ, ನಾಯಕರಿಗೆ ದಾರಿ ಸುಲಭ ಮಾಡಿಬಿಡುತ್ತಾರೆ.

ಎರಡನೆಯ ಪ್ರಶ್ನೆ ಇನ್ನೂ ಸೂಕ್ಷ್ಮ. ಅವಳ ಮಾತಿನಲ್ಲಿ ಇರಬೇಕಾದದ್ದು ಅವಳ ಕಥೆಯೋ, ಅವಳ ವಾದವೋ? ಎರಡೂ ಒಂದೇ ಎಂದು ತೋರುತ್ತದೆ, ಅಲ್ಲ. ಈ ಆಟದ ಲೋಕದ ಅತಿ ಪ್ರಸಿದ್ಧ ಖಳ ಸ್ಟ್ರಾಡ್ ವಾನ್ ಜರೋವಿಚ್. ಟ್ರೇಸಿ ಮತ್ತು ಲಾರಾ ಹಿಕ್‌ಮನ್ ದಂಪತಿ ಬರೆದು 1983ರಲ್ಲಿ ಬಂದ ‘ರೇವನ್‌ಲಾಫ್ಟ್’ ಎಂಬ ಸಾಹಸದ ರಕ್ತಪಿಪಾಸು ದೊರೆ ಅವನು. ತಮ್ಮ ಸರ್ಗೈ ಮದುವೆಯಾಗಲಿದ್ದ ತತ್ಯಾನಾಳನ್ನು ಅವನು ಬಯಸಿದ, ಮದುವೆಯ ದಿನವೇ ತಮ್ಮನನ್ನು ಕೊಂದ, ಅವಳು ಅವನಿಂದ ಓಡಿ ಕೋಟೆಯ ಗೋಡೆಯಿಂದ ಹಾರಿದಳು. ಈ ಕಥೆ ತಿಳಿದ ಮೇಲೆ ಅವನು ಹೀಗೇಕೆ ಎಂಬುದು ತಿಳಿಯುತ್ತದೆ. ಆದರೆ ಆ ಕಥೆ ಎದುರಿಗಿರುವ ನಮ್ಮನ್ನು ಏನನ್ನೂ ಕೇಳುವುದಿಲ್ಲ. ಅವನ ಜಾಗದಲ್ಲಿ ನಾವಿದ್ದರೆ ಎಂಬ ಪ್ರಶ್ನೆಯೇ ಏಳುವುದಿಲ್ಲ. ಸ್ಟ್ರಾಡ್‌ಗೆ ಅದು ಕೊರತೆಯೂ ಅಲ್ಲ, ಅವನು ಹೆದರಿಸಲು ಹುಟ್ಟಿದವನು. ಇದರ ಪಕ್ಕದಲ್ಲಿ ನಾಗಚಂದ್ರನ ರಾವಣನನ್ನು ಇಟ್ಟು ನೋಡಿ. ಅವನ ಮನಸ್ಸು ತಿರುಗಿದೆ, ಸೀತೆಯನ್ನು ಒಪ್ಪಿಸಬೇಕೆಂದು ತೀರ್ಮಾನಿಸಿದ್ದಾನೆ. ಆದರೆ ಈಗಲೇ ಒಪ್ಪಿಸಿದರೆ ಲೋಕ ಅದನ್ನು ಅಂಜಿಕೆ ಎನ್ನುತ್ತದೆ, ರಾಮಲಕ್ಷ್ಮಣರನ್ನು ಗೆದ್ದು ಆಮೇಲೆ ಒಪ್ಪಿಸುತ್ತೇನೆ ಎಂದು ಯುದ್ಧಕ್ಕೆ ಹೋಗುತ್ತಾನೆ. ಅವನ ಬಾಲ್ಯ ನಮಗೆ ಬೇಕಾಗುವುದೇ ಇಲ್ಲ. ಆ ಒಂದು ಹೆಜ್ಜೆ ಸಾಕು. ಅದು ತಪ್ಪು ಹೆಜ್ಜೆ ಎಂದು ಗೊತ್ತಿದ್ದೂ, ನಾವೂ ಎಲ್ಲೋ ಒಮ್ಮೆ ಹಾಗೆಯೇ ಇಟ್ಟಿದ್ದೇವಲ್ಲ ಎಂದು ಕಾಲು ತಡೆಯುತ್ತದೆ.

ಈ ಭೇದಕ್ಕೆ ತತ್ತ್ವಶಾಸ್ತ್ರದಲ್ಲಿ ಒಳ್ಳೆಯ ಆಧಾರವಿದೆ. ಇಂಗ್ಲೆಂಡಿನ ಪಿ.ಎಫ್. ಸ್ಟ್ರಾಸನ್ 1962ರ ತಮ್ಮ ‘ಫ್ರೀಡಂ ಅಂಡ್ ರಿಸೆಂಟ್‌ಮೆಂಟ್’ ಲೇಖನದಲ್ಲಿ ಮನುಷ್ಯರನ್ನು ನೋಡುವ ಎರಡು ಬಗೆಗಳನ್ನು ಬೇರ್ಪಡಿಸುತ್ತಾರೆ. ಒಂದು, ಸಿಟ್ಟು, ಕೃತಜ್ಞತೆ, ಕ್ಷಮೆ ಎಲ್ಲ ಇರುವ ನಮ್ಮ ನಿತ್ಯದ ಸಂಬಂಧದ ನೋಟ. ಇನ್ನೊಂದು, ಎದುರಿನವರನ್ನು ಸಂಭಾಳಿಸಬೇಕಾದ, ಚಿಕಿತ್ಸೆ ಕೊಡಬೇಕಾದ, ದೂರ ಇಡಬೇಕಾದ ಒಂದು ಸಂಗತಿಯಂತೆ ನೋಡುವ ದೂರದ ನೋಟ. ಯಾರೊಬ್ಬರ ಕೇಡನ್ನು ಪೂರ್ತಿಯಾಗಿ ಅವರ ಗಾಯಗಳಿಂದ ವಿವರಿಸಿಬಿಟ್ಟಾಗ ನಾವು ಮೆಲ್ಲನೆ ಎರಡನೆಯ ನೋಟಕ್ಕೆ ಜಾರುತ್ತೇವೆ. ‘ಪಾಪ, ಅವಳು ಅನುಭವಿಸಿದ್ದಕ್ಕೆ ಹೀಗಾಗಿದ್ದಾಳೆ’ ಎನ್ನುವಾಗ ದಯೆ ಇದೆ, ಜೊತೆಗೆ ಒಂದು ಅವಮಾನವೂ ಇದೆ. ಅವಳ ಮಾತು ಇನ್ನು ಮಾತಲ್ಲ, ರೋಗದ ಲಕ್ಷಣ. ಲಕ್ಷಣಕ್ಕೆ ಯಾರೂ ಉತ್ತರ ಕೊಡುವುದಿಲ್ಲ. ಖಳನ ಕಾರಣ ಅರ್ಥವಾಗಬೇಕು ಎಂಬ ಬೇಡಿಕೆಯನ್ನು ನಾನು ಹೀಗೆ ತೆಗೆದುಕೊಂಡೆ: ಅವಳ ಮಾತಿಗೆ ‘ಹೌದು’ ಅಥವಾ ‘ಇಲ್ಲ’ ಎನ್ನಲು ಬರಬೇಕು. ‘ಅಯ್ಯೋ’ ಎಂದರೆ ಸಾಲದು.

ಈ ದೃಷ್ಟಿಯಿಂದ ಕೊನೆಯ ಮಾತಿನಲ್ಲಿ ಹೊಸ ಮಾಹಿತಿಯೇ ಇರಬಾರದು. ಆಡುವವರು ಮಾಹಿತಿಯನ್ನು ಅರಗಿಸಿಕೊಳ್ಳುತ್ತಿರುವಾಗ ವಾದವನ್ನು ತೂಗಲಾರರು. ‘ಒಂದು ನಿಮಿಷ, ಏರಿ ಯಾವಾಗ ಒಡೆದದ್ದು?’ ಎಂದು ಯಾರಾದರೂ ಕೇಳಿದರೆ ಕೆಲಸ ಕೆಟ್ಟಿದೆ ಎಂದೇ ಲೆಕ್ಕ. ಈ ಆಟದ ಬಗ್ಗೆ ಬರೆಯುವ ಜಸ್ಟಿನ್ ಅಲೆಕ್ಸಾಂಡರ್ ಅವರ ಒಂದು ಸೂತ್ರ ಇಲ್ಲಿ ನೆರವಿಗೆ ಬರುತ್ತದೆ: ಆಡುವವರು ಒಂದು ತೀರ್ಮಾನಕ್ಕೆ ಬರಬೇಕಿದ್ದರೆ ಅದಕ್ಕೆ ಕನಿಷ್ಠ ಮೂರು ಸುಳಿವು ಇಡಬೇಕು, ಏಕೆಂದರೆ ಒಂದು ಅವರ ಕಣ್ಣಿಗೆ ಬೀಳುವುದಿಲ್ಲ, ಇನ್ನೊಂದನ್ನು ಅಪಾರ್ಥ ಮಾಡಿಕೊಳ್ಳುತ್ತಾರೆ. ಒಂಬತ್ತನೆಯ ಕೂಟದಲ್ಲಿ ತೂಬಿನ ಕಲ್ಲಿನ ಮೇಲೆ 31 ಗೀರುಗಳು ಕಂಡವು. ಯಾರೂ ಲಕ್ಷ್ಯ ಕೊಡಲಿಲ್ಲ. ಹದಿನಾಲ್ಕನೆಯದರಲ್ಲಿ ನೀರುಗಂಟಿಯ ಮಗಳು, ಪ್ರತಿ ವರ್ಷ ಗದ್ದೆ ಹದ ಮಾಡುವ ಮೊದಲು ಒಂದು ರಾತ್ರಿ ತನ್ನಪ್ಪನನ್ನು ಏರಿಯ ಮೇಲೆ ಇರಗೊಡುವುದಿಲ್ಲ ಎಂದಳು. ಇಪ್ಪತ್ತನೆಯದರಲ್ಲಿ, ಕೂಲಿಗೆ ಬಂದು ಕಾಣೆಯಾದ ಅಣ್ಣನನ್ನು ಹುಡುಕುತ್ತಾ ದೂರದೂರಿನ ಹೆಂಗಸೊಬ್ಬಳು ಸಂತೆಯಲ್ಲಿ ಸಿಕ್ಕಳು. ಗೀರಿನ ಕಲ್ಲು ಆಗ ಅವರಿಗೆ ನೆನಪಾಯಿತು. ಹಾಗಾಗಿ ಕೊನೆಯ ರಾತ್ರಿ ಏರಿ ಹತ್ತುವಾಗ ನಾಲ್ವರಿಗೂ ಎಲ್ಲ ಗೊತ್ತಿತ್ತು. ಗೊತ್ತಿಲ್ಲದ್ದು ಒಂದೇ, ಗೌಡತಿ ಅದರ ಬಗ್ಗೆ ಏನನ್ನುತ್ತಾಳೆ ಎಂಬುದು.

ಉದ್ದದ ಬಗ್ಗೆಯೂ ಒಂದು ಮಾತು. ಮೇಜಿನ ಸುತ್ತ ಕೂತವರು ಓದಿ ಹೇಳುವುದನ್ನು ಒಂದೂವರೆ ನಿಮಿಷ ಕೇಳುತ್ತಾರೆ. ಆಮೇಲೆ ಕೈ ದಾಳದ ಕಡೆ, ಫೋನಿನ ಕಡೆ ಹೋಗುತ್ತದೆ. ಜೊತೆಗೆ ನಾವು ಆಡುವ ನಿಯಮಗಳಲ್ಲಿ ಕಾಳಗದ ಒಂದು ಸುತ್ತು ಎಂದರೆ ಆರು ಸೆಕೆಂಡು. ಕತ್ತಿ ಎಳೆದ ಮೇಲೆ ಗೌಡತಿಗೆ ಅವಳ ಸರದಿಯಲ್ಲಿ ಒಂದೆರಡು ವಾಕ್ಯ ಸಿಕ್ಕಿದರೆ ಹೆಚ್ಚು. ಅದಕ್ಕೇ ಮಾತನ್ನು ನಾಲ್ಕು ತುಂಡು ಮಾಡಿ ನಾಲ್ಕು ಚೀಟಿಯಲ್ಲಿ ಬರೆದಿಟ್ಟುಕೊಂಡೆ. ಮೊದಲನೆಯದರ ನಂತರ ಜಗಳ ಶುರುವಾದರೆ ನಡುವಿನವನ್ನು ಬಿಟ್ಟು ನೇರ ನಾಲ್ಕನೆಯದಕ್ಕೆ ಹಾರುವುದು ಎಂದು ತೀರ್ಮಾನಿಸಿದ್ದೆ, ಏಕೆಂದರೆ ಕೇಳಿಕೆ ಇರುವುದು ಅದರಲ್ಲಿ. ಬರಿದೇ ವಿವರಣೆಯಾಗಿರುವ ಮಾತಿಗೆ ಕಾಯುವ ಕಾರಣ ಯಾರಿಗೂ ಇರುವುದಿಲ್ಲ. ಏನನ್ನೋ ಕೇಳುವ ಮಾತನ್ನು ಕಡಿಯುವುದು ಕಷ್ಟ.

ಚೀಟಿಗಳಲ್ಲಿ ಇದ್ದದ್ದು ಇಷ್ಟು:

“ಬಂದ್ರಾ? ಕತ್ತಿ ಕೈಲೇ ಇರ್ಲಿ, ನಾನೇನೂ ಬೇಡ ಅನ್ನಲ್ಲ. ಲೆಕ್ಕ ನಿಮಗೆ ಸಿಕ್ಕಿದೆ ಅಂತ ಗೊತ್ತು. ಮೂವತ್ತೊಂದು ವರ್ಷ, ಮೂವತ್ತೊಂದು ಜನ. ಒಬ್ಬರ ಹೆಸರೂ ಮರೆತಿಲ್ಲ. ಬೇಕಾದ್ರೆ ಹೇಳ್ತೀನಿ.

“ಏರಿ ಒಡೆದ ಬೆಳಗ್ಗೆ ಕೆಸರಿಂದ ಹೆಣ ಎಳೆದೋಳು ನಾನು. ನಿಮ್ಮ ಕಣ್ಣಲ್ಲಿ ನೀರು ತರಿಸೋಕೆ ಹೇಳ್ತಿಲ್ಲ. ನಾನೂರ ಹನ್ನೆರಡು ಒಂದು ಕಡೆ, ವರ್ಷಕ್ಕೆ ಒಂದು ಇನ್ನೊಂದು ಕಡೆ. ಆವತ್ತು ಆ ಏರಿ ಮೇಲೆ ನೀವು ನಿಂತಿದ್ರೆ ಏನು ಮಾಡ್ತಿದ್ರಿ? ಅದನ್ನ ಹೇಳಿ ನನಗೆ.

“ಮಕ್ಕಳಿರೋ ತಾಯೀನ ಮುಟ್ಟಲಿಲ್ಲ. ಮನೆಗೆ ಆಧಾರ ಆಗಿರೋನ ಮುಟ್ಟಲಿಲ್ಲ. ಒಬ್ಬರು ಹೋದ್ರೆ ಒಬ್ಬರೇ ಹೋಗ್ಬೇಕು, ಹಿಂದೆ ಅಳೋರು ಇರಬಾರದು. ಕೇಳೋರಿಲ್ಲದೋರನ್ನೇ ಆರಿಸ್ದೆ. ಇದಕ್ಕಿಂತ ಕಡಿಮೆ ನೋವಿನ ದಾರಿ ಇದ್ರೆ ತೋರಿಸಿ.

“ಈ ವರ್ಷ ಯಾರನ್ನೂ ಹುಡುಕಿಲ್ಲ. ನಾನೇ ಇಳೀತೀನಿ. ನನ್ನ ಕಾಲ ಮುಗೀತು. ಆದ್ರೆ ಬರೋ ವರ್ಷ? ಅದರಾಚೆ ವರ್ಷ? ತಗೊಳ್ಳಿ, ತೂಬಿನ ಬೀಗದ ಕೈ. ನಿಮ್ಮಲ್ಲಿ ಒಬ್ಬರು ಹಿಡಿದ್ರೆ ಸಾಕು. ಬೇಡ ಅಂದ್ರೆ, ಕೆಳಗಿರೋ ಏಳೂರಿಗೂ ನೀವೇ ಹೋಗಿ ಹೇಳಿ.”

ಅವಳು ತಾನೇ ಇಳಿಯುತ್ತೇನೆ ಎನ್ನುವುದು ಆಡುವವರು ಕೇಳಿಯೇ ಕೇಳುವ ಪ್ರಶ್ನೆಗೆ ಮೊದಲೇ ಇಟ್ಟ ಉತ್ತರ. ಅಷ್ಟು ಉದಾರಿಯಾದರೆ ನೀನೇ ಯಾಕೆ ಹೋಗಲಿಲ್ಲ ಎಂದು ಯಾರಾದರೂ ಕೇಳದೆ ಇರುವುದಿಲ್ಲ. ಅದರಿಂದ ಇನ್ನೊಂದು ಲಾಭವೂ ಆಯಿತು. ಅವಳನ್ನು ಕೊಲ್ಲುವುದರಿಂದ ಏನೂ ಬಗೆಹರಿಯುವುದಿಲ್ಲ, ಅವಳು ಸಾಯಲೆಂದೇ ಬಂದಿದ್ದಾಳೆ. ಈಗ ಪ್ರಶ್ನೆ ಅವಳದ್ದಲ್ಲ, ಬೀಗದ ಕೈಯದ್ದು.

ತಪ್ಪು ಇರುವ ಜಾಗ ಮೂರನೆಯ ಚೀಟಿ. ಅಲ್ಲಿ ಅವಳು ತನ್ನ ಅತ್ಯಂತ ಕರುಣೆಯ ಮಾತನ್ನು ಆಡುತ್ತಿದ್ದೇನೆ ಎಂದುಕೊಂಡಿದ್ದಾಳೆ. ಎಲ್ಲ ಜೀವವೂ ಒಂದೇ ತೂಕ ಎಂದು ಎರಡನೆಯ ಚೀಟಿಯಲ್ಲಿ ಎಣಿಸಿದವಳು ಮೂರನೆಯದರಲ್ಲಿ ಕೆಲವರನ್ನು ಹಗುರ ಮಾಡಿದ್ದಾಳೆ: ಕೂಲಿಯವರು, ಅಲೆಮಾರಿಗಳು, ಭಿಕ್ಷೆಯವರು. ಕನ್ನಡ ಇಲ್ಲಿ ನನಗೆ ಒಂದು ನೆರವು ಕೊಟ್ಟಿತು. ‘ಕೇಳುವವರಿಲ್ಲದವರು’ ಎಂದರೆ ಹಿಂದೆ ವಿಚಾರಿಸುವವರಿಲ್ಲದವರು. ಆದರೆ ಕೇಳು ಎಂಬುದಕ್ಕೆ ಪ್ರಶ್ನಿಸು ಎಂದೂ ಅರ್ಥ, ಆಲಿಸು ಎಂದೂ ಅರ್ಥ. ಅವರ ಬಗ್ಗೆ ಯಾರೂ ಕೇಳುವುದಿಲ್ಲ ಎಂದು ಆರಿಸಿದವಳು ಅವರನ್ನೂ ಕೇಳಲಿಲ್ಲ, ಅವರು ಹೇಳುವುದನ್ನೂ ಕೇಳಲಿಲ್ಲ. ‘ಕೆರೆಗೆ ಹಾರ’ದ ಭಾಗೀರಥಿಯನ್ನೂ ಹಾಗೆಯೇ ಯಾರೂ ಒಪ್ಪಿಗೆ ಕೇಳುವುದಿಲ್ಲ. ಆದರೆ ಅವಳಿಗೆ ವಿಷಯ ತಿಳಿಯುತ್ತದೆ, ಅವಳು ನಡೆದು ಹೋಗುತ್ತಾಳೆ, ಅವಳ ಹಿಂದೆ ಗಂಡ ಕೆರೆಗೆ ಹಾರುತ್ತಾನೆ, ಜನಪದ ಅವಳ ಹೆಸರು ಹಿಡಿದು ಹಾಡುತ್ತದೆ. ಗೌಡತಿ ಆರಿಸಿದ್ದು ಹಾಡಿಲ್ಲದವರನ್ನು.

ಈ ಜಾಗವನ್ನು ನಾನು ಆಡುವವರಿಗೆ ತೋರಿಸಕೂಡದು, ಗೌಡತಿಯ ದನಿಯಲ್ಲಿ ಅಲ್ಲಿ ಒಂದಿಷ್ಟೂ ನಡುಕ ಇರಕೂಡದು. ಖಳನ ಮಾತಿನಲ್ಲೇ ಖಳನ ಖಂಡನೆಯನ್ನು ಬರೆದಿಡುವುದು ಆಡುವವರ ಕೆಲಸವನ್ನು ಕದ್ದಂತೆ.

ಆ ರಾತ್ರಿ ಮೂರು ಚೀಟಿ ಯಾರೂ ತಡೆಯದೆ ಮುಗಿದವು. ಹಾಡುಗಾರ್ತಿಯ ಪಾತ್ರದ ಗೆಳತಿ, “ಹೆಸರು ಹೇಳ್ತೀನಿ ಅಂದ್ರಲ್ಲ, ಹೇಳಿ” ಎಂದಳು. ನನ್ನ ಬಳಿ 31 ಹೆಸರಿನ ಪಟ್ಟಿ ಸಿದ್ಧವಿತ್ತು. ಗೌಡತಿಗೆ ಹೆಸರೇ ಗೊತ್ತಿಲ್ಲದಿದ್ದರೆ ಅವಳು ತೀರಾ ಅಗ್ಗದ ಖಳಳಾಗುತ್ತಿದ್ದಳು. ಒಂದೊಂದಾಗಿ ಓದತೊಡಗಿದೆ. ಒಂಬತ್ತನೆಯ ಹೆಸರಿಗೆ ಅವಳು ಕೈ ಎತ್ತಿದಳು. “ಸಾಕು. ಇವರಲ್ಲಿ ಒಬ್ಬರನ್ನಾದ್ರೂ ಕೇಳಿದ್ರಾ?”

ಇದಕ್ಕೆ ಚೀಟಿ ಇರಲಿಲ್ಲ. ಗೌಡತಿಯಾಗಿ ಬಾಯಿಗೆ ಬಂದದ್ದು ಹೇಳಿದೆ: “ಕೇಳಿದ್ರೆ ಯಾರು ಒಪ್ತಿದ್ರು?”

“ಹಾಗಾದ್ರೆ ಉತ್ತರ ನಿಮಗೆ ಮೊದಲೇ ಗೊತ್ತಿತ್ತು.”

ಕೋಣೆಯಲ್ಲಿ ಸ್ವಲ್ಪ ಹೊತ್ತು ಫ್ಯಾನಿನ ಸದ್ದು ಮಾತ್ರ. ಆಮೇಲೆ ಸಿಪಾಯಿಯ ಪಾತ್ರದವನು, ಅವನ ಪಾತ್ರದ ತಾಯಿ ಕೆಳಗಿನ ಊರಲ್ಲೇ ಇದ್ದಾಳೆ, ನಿಧಾನವಾಗಿ ಹೇಳಿದ: “ಬೀಗದ ಕೈ ನನಗೆ ಕೊಡಿ.” ಮುಂದಿನ ನಲವತ್ತು ನಿಮಿಷ ಗೌಡತಿ ಬಾಯಿ ತೆರೆಯಬೇಕಾಗಲೇ ಇಲ್ಲ. ನಾಲ್ವರೂ ತಮ್ಮತಮ್ಮಲ್ಲೇ ವಾದಕ್ಕೆ ಬಿದ್ದರು. ಒಂದೂ ದಾಳ ಉರುಳಲಿಲ್ಲ. ಸಿಪಾಯಿಯ ಮಾತನ್ನು ಹೊಡೆದುಹಾಕುವುದು ಉಳಿದವರಿಗೆ ಸುಲಭವಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ನೀವು ಹೇಳುವುದೆಲ್ಲ ಸರಿ, ಮುಂಗಾರಿಗೆ 19 ದಿನ ಇದೆ, ನನ್ನ ತಾಯಿಗೆ ಏನು ಹೇಳಲಿ ಎಂದು ಅವನು ಕೇಳುತ್ತಲೇ ಇದ್ದ.

ಕೊನೆಗೆ ದಾರಿ ತೆರೆದದ್ದು ಗೌಡತಿ ಬೆದರಿಕೆಯಾಗಿ ಆಡಬೇಕಿದ್ದ ಕೊನೆಯ ಮಾತಿನಿಂದಲೇ. ನಾಲ್ಕನೆಯ ಚೀಟಿಯನ್ನು ಓದಿ ಮುಗಿಸಿದಾಗ ಹಾಡುಗಾರ್ತಿ, “ಹೇಳ್ತೀವಿ. ಏಳೂರನ್ನೂ ಇಲ್ಲಿಗೇ ಕರೀತೀವಿ. ಈಗ ಹೇಳಿದ್ದನ್ನೇ ಅವರೆದುರಿಗೆ ನೀವೇ ಹೇಳಿ” ಎಂದಳು. ತಮಟೆ ಬಾರಿಸಿದರು. ಬೆಳಗಾಗುವ ಹೊತ್ತಿಗೆ ಏರಿಯ ತುಂಬ ಜನ.

ಕಾಂಟ್ 1795ರಲ್ಲಿ ಬರೆದ ಶಾಶ್ವತ ಶಾಂತಿಯ ಕುರಿತ ಪುಸ್ತಕದ ಅನುಬಂಧದಲ್ಲಿ ಒಂದು ಪರೀಕ್ಷೆ ಇದೆ. ಬೇರೆಯವರ ಹಕ್ಕನ್ನು ಮುಟ್ಟುವ ಕೆಲಸವೊಂದರ ಹಿಂದಿನ ಸೂತ್ರವನ್ನು ಬಹಿರಂಗವಾಗಿ ಹೇಳಿದೊಡನೆ ಆ ಕೆಲಸವೇ ಕೆಡುವುದಾದರೆ ಅದು ಅನ್ಯಾಯ ಎಂಬುದು ಅದರ ಸಾರ. ನಾನು ಇದನ್ನು ಹಲವು ಸಲ ಓದಿದ್ದೆ, ಒಮ್ಮೆ ವಿಚಾರಗೋಷ್ಠಿಯಲ್ಲಿ ಮಾತಾಡಿಯೂ ಇದ್ದೆ. ಈಗ ಅದನ್ನು ಗೌಡತಿಯ ದನಿಯಲ್ಲಿ ಆಡಿ ನೋಡಬೇಕಾಯಿತು. ಏಳೂರಿನವರ ಎದುರು ಮೊದಲ ಚೀಟಿ ಸಲೀಸಾಗಿ ಬಂತು. ಎರಡನೆಯದು ಇನ್ನೂ ಗಟ್ಟಿಯಾಗಿ ಬಂತು; ಮುದುಕರು ತಲೆಯಾಡಿಸುತ್ತಿದ್ದಾರೆ ಎಂದು ನಾನೇ ವರ್ಣಿಸಿದೆ. ಮೂರನೆಯದರ ಮೊದಲ ಎರಡು ವಾಕ್ಯ ಆದವು. ಅಷ್ಟರಲ್ಲಿ ಒಬ್ಬ ಗೆಳೆಯ, “ಸಂತೇಲಿ ಸಿಕ್ಕಿದ್ದ ಆ ಹೆಂಗಸು, ಅಣ್ಣನ್ನ ಹುಡುಕ್ತಿದ್ದೋಳು, ಅವಳೂ ಬಂದಿದ್ದಾಳಾ?” ಎಂದ. ಬಂದಿದ್ದಾಳೆ ಎಂದೆ. ಮುಂದಿನ ವಾಕ್ಯ ‘ಕೇಳೋರಿಲ್ಲದೋರನ್ನೇ ಆರಿಸ್ದೆ’ ಎಂಬುದು. ಅವಳೆದುರು ಅದನ್ನು ಹೇಳಲು ಸಾಧ್ಯವೇ ಇರಲಿಲ್ಲ. ಹೇಳಬಾರದೆಂದಲ್ಲ, ಕೇಳುವವಳು ಎದುರಿಗೇ ನಿಂತಿರುವಾಗ ಆ ವಾಕ್ಯ ಸುಳ್ಳಾಗುತ್ತದೆ. ನಾಲ್ಕು ಜನರೆದುರು ರಾತ್ರಿ ನಿಜವಾಗಿದ್ದ ಮಾತು ಬೆಳಗ್ಗೆ ಆ ಒಬ್ಬಳಿಂದ ನಿಂತುಹೋಯಿತು. ಗೌಡತಿ ಸುಮ್ಮನಾದಳು ಎಂದಷ್ಟೇ ಹೇಳಿದೆ.

ಆಮೇಲೆ ಮಾತಿಗೆ ಬಂದದ್ದು ಕೆರೆಯನ್ನೇ ಬರಿದು ಮಾಡುವ ಯೋಚನೆ. ತೂಬು ಪೂರ್ತಿ ಎತ್ತಿದರೆ 12 ದಿನಕ್ಕೆ ನೀರು ತಳ ಕಾಣುತ್ತದೆ, ಮಳೆಗಾಲದಲ್ಲೂ ತೂಬು ಮುಚ್ಚದಿದ್ದರೆ ನೀರು ನಿಲ್ಲುವುದಿಲ್ಲ, ನೀರಿಲ್ಲದ ಏರಿ ಒಡೆದರೂ ಯಾರೂ ಸಾಯುವುದಿಲ್ಲ. ಇದು ಗೌಡತಿಗೆ ಹೊಳೆಯದ ಉಪಾಯವೇನಲ್ಲ. ಕೆರೆ ಹೋದರೆ ಭತ್ತ ಹೋಗುತ್ತದೆ, ಹಲವು ಮನೆ ಗುಳೆ ಹೋಗಬೇಕಾಗುತ್ತದೆ. ಅದನ್ನು ಗುಟ್ಟಾಗಿ ಮಾಡಲು ಬರುವುದಿಲ್ಲ, ಏಳೂರೂ ಒಪ್ಪಬೇಕು. ಒಪ್ಪುವುದಿಲ್ಲ ಎಂದು ಅವಳು 31 ವರ್ಷದ ಹಿಂದೆಯೇ ತೀರ್ಮಾನಿಸಿದ್ದಳು, ಕಾಣೆಯಾದವರ ಬಗ್ಗೆ ತೀರ್ಮಾನಿಸಿದ ಹಾಗೆಯೇ. ಅವಳ ಊಹೆ ಪೂರ್ತಿ ತಪ್ಪಲ್ಲ ಎಂಬುದೂ ನಿಜ. ಊರವರನ್ನು ಒಪ್ಪಿಸಲು ಹಾಡುಗಾರ್ತಿ ದಾಳ ಎಸೆಯಬೇಕಾಯಿತು, ಕಷ್ಟದ ಕೆಲಸಕ್ಕೆ ಇರುವ 20 ಮುಟ್ಟಬೇಕಿತ್ತು, ಅವಳಿಗೆ ಬಂದದ್ದು ಎಲ್ಲ ಕೂಡಿ 17. ಸೋಲು ಎನ್ನಬಹುದಿತ್ತು. ನಾನು ಅದನ್ನು ನಾಲ್ಕು ಊರು ಒಪ್ಪಿದವು, ಮೂರು ಊರು ಒಪ್ಪಲಿಲ್ಲ ಎಂದು ಓದಿದೆ. ಒಪ್ಪದ ಮೂರೂ ಹೆಚ್ಚು ಗದ್ದೆ ಇದ್ದ ಊರುಗಳು. ಅವರಲ್ಲಿ ಒಬ್ಬ ಮುದುಕ, ಗೌಡತಿ ಮಾಡುತ್ತಿದ್ದದ್ದು ಇಷ್ಟು ವರ್ಷ ಯಾರಿಗೂ ತೊಂದರೆ ಕೊಟ್ಟಿರಲಿಲ್ಲವಲ್ಲ ಎಂದ. ಸಂತೆಯ ಹೆಂಗಸು ಅವನನ್ನು ನೋಡಿದಳು.

ತೂಬು ಎತ್ತಿದರು. ಹನ್ನೆರಡು ರಾತ್ರಿ ಅದನ್ನು ಯಾರೂ ಬಂದು ಮುಚ್ಚದಂತೆ ಪಾಳಿ ಹಾಕಿ ಕಾವಲು ಕೂತರು. ಗೌಡತಿ ನೀರಿಗೆ ಇಳಿಯಲಿಲ್ಲ, ಇಳಿಯಗೊಡಲಿಲ್ಲ. ಅವಳ ವಿಚಾರಣೆ ಏಳೂರಿನವರಿಗೆ ಬಿಟ್ಟದ್ದು ಎಂದು ಆಡುವವರು ತೀರ್ಮಾನಿಸಿದರು. ಹನ್ನೆರಡನೆಯ ದಿನ ಕೆರೆಯಂಗಳದ ಕೆಸರಿನಲ್ಲಿ ಏನೇನು ಕಂಡಿತು ಎಂದು ವರ್ಣಿಸುವಾಗ ಉಳಿದ ಇಪ್ಪತ್ತೆರಡು ಹೆಸರುಗಳನ್ನೂ ಓದು ಎಂದು ಹಾಡುಗಾರ್ತಿ ಕೇಳಿದಳು, ಓದಿದೆ.

ಕಥೆ ಮುಗಿಸುವ ಮುನ್ನ ಒಬ್ಬೊಬ್ಬರ ಪಾತ್ರವೂ ಮುಂದೇನು ಮಾಡುತ್ತದೆ ಎಂದು ಹೇಳುವುದು ನಮ್ಮ ರೂಢಿ. ಹಾಡುಗಾರ್ತಿ ಮೂವತ್ತೊಂದು ಜನರ ಹಾಡು ಕಟ್ಟುತ್ತಾಳಂತೆ. ಸಿಪಾಯಿ ತಾಯಿಯನ್ನು ಕರೆದುಕೊಂಡು ಗುಳೆ ಹೋದವರ ಜೊತೆ ಹೊರಡುತ್ತಾನಂತೆ. ತೂಬಿನ ಬೀಗದ ಕೈ ಏನಾಯಿತು ಎಂದು ಕೇಳಿದೆ. ಜೊತೆಗೆ ಒಯ್ಯುತ್ತೇನೆ ಎಂದ. ಎಸೆಯಬಹುದಲ್ಲ ಎಂದು ಹಾಡುಗಾರ್ತಿ ಅಂದಳು. ಅವನು ಪಾತ್ರದ ಹಾಳೆ ತೆಗೆದು, ಸಾಮಾನುಗಳ ಪಟ್ಟಿಯಲ್ಲಿ ಹಗ್ಗ, ಪಂಜು, ಮೂರು ದಿನದ ಬುತ್ತಿ ಎಂದಿದ್ದ ಕಡೆ, ಅದರ ಕೆಳಗೆ ಬರೆದುಕೊಂಡ.